ನಲ್ಲಿ ಮುಟ್ಟಿದರೆ ಜುಮ್ ಅನ್ನುತ್ತಿತ್ತು: ಧನಕವಡಿಯ ಹಳೇ ಬಿಲ್ಡಿಂಗ್‌ನಲ್ಲಿ ಕರೆಂಟ್ ಹುಡುಕಿದ ಕಥೆ

ಪುಣೆಯ ಧನಕವಡಿಯಲ್ಲಿ ನಮ್ಮದು ಹಳೇ ಸೊಸೈಟಿ. ಕೆಳಗೆ ಪಾರ್ಕಿಂಗ್, ಮೇಲೆ ನಾಲ್ಕು ಮಹಡಿ, ಲಿಫ್ಟ್ ಇಲ್ಲ. ನಾವು ಎರಡನೇ ಮಹಡಿಯಲ್ಲಿದ್ದೇವೆ. ನೀರಿನ ಪೈಪ್ ಎಲ್ಲಾ ಕಟ್ಟಿದಾಗ ಹಾಕಿದ ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪ್. ಟೆರೇಸ್ ಮೇಲಿನ ಟ್ಯಾಂಕ್‌ನಿಂದ ಡಕ್ಟ್‌ನಲ್ಲಿ ಒಂದು ದಪ್ಪ ಪೈಪ್ ಇಳಿಯುತ್ತದೆ, ಅದರಿಂದಲೇ ಒಂದರ ಕೆಳಗೊಂದು ಇರುವ ನಾಲ್ಕೂ ಮನೆಗಳ ಬಾತ್‌ರೂಮಿಗೆ ನೀರು.

ನವೆಂಬರ್‌ನಲ್ಲಿ ಚಳಿ ಶುರುವಾದಾಗಿನಿಂದ ಬೆಳಗ್ಗೆ ಸ್ನಾನಕ್ಕೆ ಹೋದವರು ನಲ್ಲಿ ಮುಟ್ಟಿದರೆ ಜುಮ್ ಅನ್ನುತ್ತಿತ್ತು. ಮಧ್ಯಾಹ್ನ ಏನೂ ಇಲ್ಲ. ಚಪ್ಪಲಿ ಹಾಕಿಕೊಂಡರೆ ಇಲ್ಲ. ಬರಿಗಾಲಲ್ಲಿ, ಒದ್ದೆ ನೆಲದ ಮೇಲೆ ನಿಂತರೆ ಮಾತ್ರ. ಪತ್ತೆಯಾಗುವ ತನಕ ಬೆಳಗ್ಗೆ ಆ ಬಾತ್‌ರೂಮ್ ಬಂದ್. ಗ್ಯಾಸ್ ಮೇಲೆ ನೀರು ಕಾಯಿಸಿ, ರಾತ್ರಿಯೇ ತುಂಬಿಟ್ಟ ಪ್ಲಾಸ್ಟಿಕ್ ಡ್ರಮ್ಮಿನ ತಣ್ಣೀರು ಬೆರೆಸಿ ಇನ್ನೊಂದು ಟಾಯ್ಲೆಟ್‌ನಲ್ಲಿ ಸ್ನಾನ. ಅದರ ಪೈಪ್ ಬೇರೆ ಡಕ್ಟ್‌ನಲ್ಲಿದೆ, ಅಲ್ಲಿ ಶಾಕ್ ಇರಲಿಲ್ಲ.

ಯಾವ ಕ್ರಮದಲ್ಲಿ ಹುಡುಕಿದೆವೋ ಅದೇ ಕ್ರಮದಲ್ಲಿ ಬರೆಯುತ್ತೇನೆ, ದಾರಿ ತಪ್ಪಿದ್ದನ್ನೂ ಸೇರಿಸಿ.

1. ಟೆಸ್ಟರ್ ಇಟ್ಟು ನೋಡಿದ್ದು

ಎಲ್ಲರೂ ಮೊದಲು ಮಾಡೋದು ಇದನ್ನೇ. ನಲ್ಲಿಗೆ ಟೆಸ್ಟರ್ ತಾಗಿಸಿದರೆ ಒಳಗಿನ ನಿಯಾನ್ ಬಲ್ಬ್ ಮಿಣಮಿಣ ಅಂತು. ಶವರ್‌ಗೂ ಅಂತು, ಕಮೋಡ್ ಪಕ್ಕದ ಜೆಟ್ ಸ್ಪ್ರೇಗೂ ಅಂತು. ಇದರಿಂದ ತಿಳಿದದ್ದು ಪೈಪ್ ಮೇಲೆ ಏನೋ ಇದೆ ಅಂತ ಮಾತ್ರ. ಎಷ್ಟಿದೆ, ಎಲ್ಲಿಂದ ಬಂತು, ಅಪಾಯವೋ ಅಲ್ಲವೋ, ಟೆಸ್ಟರ್ ಒಂದನ್ನೂ ಹೇಳುವುದಿಲ್ಲ. ಪ್ಲಾಸ್ಟಿಕ್ ಸ್ಟೂಲ್ ಮೇಲೆ ನಿಂತು ಅದೇ ನಲ್ಲಿಗೆ ಇಟ್ಟರೆ ಅದು ಹತ್ತಲೇ ಇಲ್ಲ, ಯಾಕಂದರೆ ಅದು ಹತ್ತಬೇಕಾದರೆ ನಮ್ಮ ಮೈಯಿಂದ ನೆಲಕ್ಕೆ ಒಂಚೂರು ಕರೆಂಟ್ ಹರಿಯಬೇಕು. ಹತ್ತಲಿಲ್ಲ ಅಂದರೆ ಕರೆಂಟ್ ಇಲ್ಲ ಅಂತ ಅಲ್ಲ. ಟೆಸ್ಟರ್ ನಂಬಿ ನಲ್ಲಿಗೆ ಕೈ ಹಾಕಬೇಡಿ.

2. ಮಲ್ಟಿಮೀಟರ್, ಮತ್ತು ಹತ್ತು ರೂಪಾಯಿಯ ರೆಸಿಸ್ಟರ್

ಮನೆಯಲ್ಲಿ ಮಲ್ಟಿಮೀಟರ್ ಇತ್ತು. ವೋಲ್ಟೇಜ್ ಅಳೆಯೋಕೆ ಎರಡು ಕಡೆ ಬೇಕಲ್ವಾ, ಒಂದು ಕಡೆ ನಲ್ಲಿ, ಇನ್ನೊಂದು ಕಡೆ ಯಾವುದು? ನಮ್ಮ ಸಾಕೆಟ್‌ನ ಅರ್ಥ್ ಪಿನ್ ಸರಿ ಇದೆಯೋ ಇಲ್ಲವೋ ಗೊತ್ತಿರದೆ ಅದನ್ನು ಹಿಡಿದರೆ ಬರುವ ನಂಬರ್‌ಗೆ ಅರ್ಥವೇ ಇಲ್ಲ. ಅದಕ್ಕೇ ಕೆಳಗಿನ ಮೀಟರ್ ರೂಮಿನ ಅರ್ಥ್ ಪಟ್ಟಿಗೆ ಒಂದು ಉದ್ದ ವೈರ್ ಕಟ್ಟಿ, ಡಕ್ಟ್ ಪಕ್ಕದ ಕಿಟಕಿಯಿಂದ ಮೇಲೆ ಎಳೆದುಕೊಂಡೆ. ಪಟ್ಟಿಯೇ ಸರಿ ಇದೆಯಾ ಅಂತ ನೋಡೋಕೆ ಕೆಳಗೆ ಗಿಡಗಳಿರುವ ಒದ್ದೆ ಮಣ್ಣಿಗೆ ಒಂದು ಕಬ್ಬಿಣದ ರಾಡ್ ಹೊಡೆದು ಎರಡರ ಮಧ್ಯೆ ಅಳೆದೆ. ಅರ್ಧ ವೋಲ್ಟ್‌ಗಿಂತ ಕಡಿಮೆ. ಸಾಕು.

ಈಗ ನಿಜವಾದ ತೊಡಕು. ಡಿಜಿಟಲ್ ಮಲ್ಟಿಮೀಟರ್ ಒಳಗಿನ ರೆಸಿಸ್ಟೆನ್ಸ್ ಸಾಮಾನ್ಯವಾಗಿ 10 ಮೆಗಾ ಓಮ್. ಅಂದರೆ ಅದು ಕರೆಂಟ್ ಎಳೆಯುವುದೇ ಇಲ್ಲ ಅನ್ನಬಹುದು. ಗೋಡೆಯೊಳಗೆ ಫೇಸ್ ವೈರ್ ಪಕ್ಕದಲ್ಲಿ ಸುಮ್ನೆ ಹಾದು ಹೋದ ವೈರ್‌ನಲ್ಲೂ ಅದು ಎಂಬತ್ತು ನೂರು ವೋಲ್ಟ್ ತೋರಿಸಬಹುದು. ಹಿಂದೆ ಬಲವೇ ಇಲ್ಲದ, ಬರೀ ತೋರಿಕೆಯ ವೋಲ್ಟೇಜ್ ಅದು. ಅದನ್ನೂ ನಿಜವಾದ ಲೀಕೇಜನ್ನೂ ಬೇರೆ ಮಾಡಬೇಕಾದರೆ ಸ್ವಲ್ಪ ಲೋಡ್ ಕೊಡಬೇಕು. ಬುಧವಾರ ಪೇಟೆಯ ತಪಕೀರ್ ಗಲ್ಲಿಯಲ್ಲಿ 22 ಕಿಲೋ ಓಮ್, 5 ವ್ಯಾಟ್‌ನ ಒಂದು ರೆಸಿಸ್ಟರ್ ತಂದೆ, ಹತ್ತು ರೂಪಾಯಿ. ಅದಕ್ಕೆ ಎರಡು ಮೊಸಳೆ ಕ್ಲಿಪ್ ಬೆಸೆದು, ಮೇಲೆ ಸ್ಲೀವ್ ಹಾಕಿ, ಮೀಟರ್‌ನ ಎರಡು ಪ್ರೋಬ್‌ಗಳ ಮಧ್ಯೆ ಸೇರಿಸುವ ಹಾಗೆ ಮಾಡಿದೆ. 5 ವ್ಯಾಟ್ ಯಾಕೆ ಅಂದರೆ, ಅಪ್ಪಿತಪ್ಪಿ ಪೂರ್ತಿ 230 ವೋಲ್ಟ್ ಬಂದರೂ ಅದರಲ್ಲಿ ಎರಡೂವರೆ ವ್ಯಾಟ್‌ನಷ್ಟು ಮಾತ್ರ ಸುಡುತ್ತದೆ, ತಡೆಯುತ್ತದೆ. ರೇಡಿಯೋ ರಿಪೇರಿಯ ಕಾಲು ವ್ಯಾಟ್ ರೆಸಿಸ್ಟರ್ ಹಾಕಿದರೆ ಹೊಗೆ ಬರುತ್ತದೆ.

ಮೊದಲು ರೆಸಿಸ್ಟರ್ ಇಲ್ಲದೆ ಅಳೆಯೋದು, ಆಮೇಲೆ ಸೇರಿಸಿ ಅಳೆಯೋದು. ಎರಡನೇ ನಂಬರ್ ಬಿದ್ದು ಹೋದರೆ ಅದು ತೋರಿಕೆ. ಹೆಚ್ಚುಕಡಿಮೆ ಹಾಗೇ ನಿಂತರೆ ಹಿಂದೆ ನಿಜವಾದ ಕರೆಂಟ್ ಇದೆ. ಕ್ಲಿಪ್ ಹಾಕುವಾಗ ಒಣ ಚಪ್ಪಲಿ, ಒಣ ಕೈ, ಒಂದೇ ಕೈ. ಇನ್ನೊಂದು ಕೈ ಜೇಬಿನಲ್ಲಿ.

3. ದೊಡ್ಡ ನಂಬರ್ ಕಂಡು ದಾರಿ ತಪ್ಪಿದ್ದು

ಮೊದಲ ಅನುಮಾನ ವಾಷಿಂಗ್ ಮಷಿನ್ ಮೇಲೆ, ಯಾಕಂದರೆ ಅದು ಬಾತ್‌ರೂಮಿನ ಬಾಗಿಲ ಪಕ್ಕವೇ ಇದೆ. ಅದರ ಬಾಡಿಗೂ ಕೆಳಗಿನಿಂದ ತಂದ ವೈರ್‌ಗೂ ಮಧ್ಯೆ 108 ವೋಲ್ಟ್! ಸಿಕ್ಕಿತು ಅಂದುಕೊಂಡು, ಸರ್ವಿಸ್‌ನವನಿಗೆ ಫೋನ್ ಮಾಡಿ ಬರೋಕೆ ಹೇಳಿಯೂ ಆಯಿತು. ಆಮೇಲೆ ರೆಸಿಸ್ಟರ್ ಸೇರಿಸಿ ನೋಡಿದರೆ 6 ವೋಲ್ಟ್. ಲೆಕ್ಕ ಹಾಕಿದರೆ ಕಾಲು ಮಿಲಿಆಂಪ್‌ಗಿಂತ ಸ್ವಲ್ಪ ಜಾಸ್ತಿ, ಅಷ್ಟೇ.

ಅದು ಲೀಕೇಜ್ ಅಲ್ಲವೇ ಅಲ್ಲ. ವಾಷಿಂಗ್ ಮಷಿನ್ ಒಳಗೆ ಒಂದು ಫಿಲ್ಟರ್ ಇರುತ್ತದೆ. ಅದರಲ್ಲಿ ಫೇಸ್‌ನಿಂದ ಬಾಡಿಗೆ ಒಂದು, ನ್ಯೂಟ್ರಲ್‌ನಿಂದ ಬಾಡಿಗೆ ಒಂದು ಸಣ್ಣ ಕೆಪಾಸಿಟರ್. ಅರ್ಥ್ ಕೂಡಿಸದಿದ್ದರೆ ಬಾಡಿ ಎರಡರ ನಡುವೆ ನಿಲ್ಲುತ್ತದೆ, ಅಂದರೆ 230ರ ಅರ್ಧ, 115ರ ಆಸುಪಾಸು. ಬಾಡಿಯ ಮೇಲೆ ಸರಿಯಾಗಿ ಅರ್ಧ ವೋಲ್ಟೇಜ್ ಕಂಡು, ಲೋಡ್ ಕೊಟ್ಟ ಕೂಡಲೇ ಕುಸಿದರೆ ಮೊದಲು ಅರ್ಥ್ ಇದೆಯಾ ನೋಡಿ. ನಮ್ಮಲ್ಲಿ ಮೂರು ಪಿನ್ ಪ್ಲಗ್ ಹಾಕಿದ್ದ ಎಕ್ಸ್‌ಟೆನ್ಷನ್ ಬೋರ್ಡ್ ಒಳಗೆ ಎರಡೇ ವೈರ್ ಇತ್ತು. ಅದನ್ನು ಎಸೆದು ನೇರ ಗೋಡೆಯ ಸಾಕೆಟ್‌ಗೆ ಹಾಕಿದ ಮೇಲೆ ಸೊನ್ನೆ. ಆ ಸಾಕೆಟ್‌ನ ಅರ್ಥ್ ಸರಿ ಇದೆ ಅಂತಲೂ ಇದರಿಂದ ಗೊತ್ತಾಯಿತು. ಜೊತೆಗೆ, ಮಷಿನ್‌ಗೆ ನೀರು ಬರೋದು ಪ್ಲಾಸ್ಟಿಕ್ ಹೋಸ್‌ನಲ್ಲಿ, ಅದರಿಂದ ನಲ್ಲಿಗೆ ಕರೆಂಟ್ ಹೋಗುವ ದಾರಿಯೇ ಸರಿಯಾಗಿ ಇಲ್ಲ.

ಸರ್ವಿಸ್‌ನವನ ವಿಸಿಟ್ ಚಾರ್ಜ್ 400 ರೂಪಾಯಿ ಹೋಯಿತು.

ಮರುದಿನ ಬೆಳಗ್ಗೆ ನಲ್ಲಿಗೆ ಅಳೆದೆ. ಬರೀ ಮೀಟರ್‌ನಲ್ಲಿ 46 ವೋಲ್ಟ್. ರೆಸಿಸ್ಟರ್ ಸೇರಿಸಿದರೂ 38. ನಿನ್ನೆಯ 108ಕ್ಕಿಂತ ನಂಬರ್ ಚಿಕ್ಕದು, ಆದರೆ ಇದು ಬೀಳುತ್ತಿಲ್ಲ. ಈ ಎರಡು ಅಂಕಿಯಿಂದ ಪೈಪ್ ಹಿಂದಿನ ರೆಸಿಸ್ಟೆನ್ಸ್ ಸುಮಾರು 4.6 ಕಿಲೋ ಓಮ್ ಅಂತ ಬರುತ್ತದೆ. ಒದ್ದೆ ಮೈಯನ್ನು 2 ಕಿಲೋ ಓಮ್ ಅಂತ ಹಿಡಿದರೆ 46 ವೋಲ್ಟ್ ಭಾಗಿಸು 6.6 ಕಿಲೋ ಓಮ್, ಹತ್ತಿರ ಹತ್ತಿರ 7 ಮಿಲಿಆಂಪ್. ಅರ್ಧ ಮಿಲಿಆಂಪ್ ಆಸುಪಾಸಿನಲ್ಲಿ ಮನುಷ್ಯನಿಗೆ ಜುಮ್ ಅನ್ನೋದು ಗೊತ್ತಾಗುತ್ತದೆ, 10ರ ಆಸುಪಾಸಿನಲ್ಲಿ ಹಿಡಿದ ಕೈ ಬಿಡಿಸಿಕೊಳ್ಳೋಕೆ ಆಗದೆ ಹೋಗಬಹುದು. ನಮಗೆ ಜುಮ್ ಅಂತ ಮಾತ್ರ ಆಗುತ್ತಿದ್ದದ್ದು ಬೆರಳ ತುದಿ ತಾಗಿದ ಕೂಡಲೇ ಕೈ ಎಳೆದುಕೊಳ್ಳುತ್ತಿದ್ದುದರಿಂದ. ಸೋಪು ಹಚ್ಚಿದ ಕೈಯಲ್ಲಿ ನಲ್ಲಿಯನ್ನು ಗಟ್ಟಿಯಾಗಿ ಹಿಡಿದಿದ್ದರೆ ಕಥೆ ಬೇರೆ ಇತ್ತು.

4. ನಮ್ಮ ಮನೆಯ ಮೇನ್ ಆಫ್ ಮಾಡಿದ್ದು

ಇದನ್ನು ಮೊದಲೇ ಮಾಡಿದ್ದರೆ 400 ರೂಪಾಯಿ ಉಳಿಯುತ್ತಿತ್ತು. ಒಂದೊಂದೇ ಎಂಸಿಬಿ ಆಫ್ ಮಾಡಿದರೆ ಫೇಸ್ ಮಾತ್ರ ಕಟ್ ಆಗುತ್ತದೆ, ನ್ಯೂಟ್ರಲ್ ಉಳಿಯುತ್ತದೆ. ಹಾಗಾಗಿ ಫೇಸ್, ನ್ಯೂಟ್ರಲ್ ಎರಡನ್ನೂ ಬಿಡಿಸುವ ಮೇನ್ ಸ್ವಿಚ್ಚನ್ನೇ ಇಳಿಸಬೇಕು. ಇನ್ವರ್ಟರ್ ಇದ್ದರೆ ಅದನ್ನೂ. ಬೆಳಗ್ಗೆ ಆರೂವರೆಗೆ ಇಡೀ ಮನೆ ಕತ್ತಲು ಮಾಡಿ, ಗೀಸರ್ ಪ್ಲಗ್ ಕೂಡ ಕಿತ್ತು, ಟಾರ್ಚ್ ಹಿಡಿದು ಅಳೆದರೆ ಅದೇ 46.

ನಮ್ಮ ಮನೆಯದಲ್ಲ ಅಂತ ಆಯಿತು. ಪೈಪ್‌ನಲ್ಲಿ ಬೇರೆ ಯಾರದೋ ಕರೆಂಟ್ ಬರುತ್ತಿದೆ.

ಸೊಸೈಟಿ ಸೆಕ್ರೆಟರಿಯವರಿಗೆ ಹೇಳಿದೆ. ಅವರು ಪ್ಲಂಬರ್‌ನನ್ನು ಕಳಿಸಿದರು. ಅವನ ಪರಿಹಾರ ತುಂಬಾ ಸುಲಭದ್ದು: ನಿಮ್ಮ ಬಾತ್‌ರೂಮಿನ ಪೈಪಿಗೆ ಒಂದು ಕ್ಲ್ಯಾಂಪ್ ಹಾಕಿ ನಿಮ್ಮ ಸಾಕೆಟ್‌ನ ಅರ್ಥ್‌ಗೆ ಜೋಡಿಸಿಬಿಡಿ, ಶಾಕ್ ನಿಂತು ಹೋಗುತ್ತದೆ. ನಿಲ್ಲುತ್ತದೆ, ನಿಜ. ಆದರೆ ಆಗ ಯಾರದೋ ಮನೆಯ ಲೀಕೇಜ್ ನಮ್ಮ ಅರ್ಥ್‌ನ ಹಸಿರು ವೈರ್‌ನಲ್ಲಿ ಹರಿಯುತ್ತದೆ, ಮತ್ತು ನಾಳೆ ನಮ್ಮ ಅರ್ಥ್ ಎಲ್ಲಾದರೂ ಕಡಿದು ಹೋದರೆ ಆ ವೋಲ್ಟೇಜ್ ಸೀದಾ ನಮ್ಮ ಫ್ರಿಜ್, ಮಿಕ್ಸರ್ ಸ್ಟ್ಯಾಂಡ್, ವಾಷಿಂಗ್ ಮಷಿನ್ ಎಲ್ಲದರ ಬಾಡಿಗೆ ಬರುತ್ತದೆ. ಬೇಡ ಅಂದೆ.

ಅವನು ಇನ್ನೊಂದು ಮಾತು ಹೇಳಿ ಹೋದ, ಅದು ಮಾತ್ರ ಬಂಗಾರ: “ದಸರಾ ಆದ ಮೇಲೆ ಕೆಳಗಿನ ಪೈಪ್ ನಾನೇ ಬದಲು ಮಾಡಿದ್ದು, ಪೂರ್ತಿ ತುಕ್ಕು ಹಿಡಿದಿತ್ತು.”

5. ಪೈಪ್ ಬದಲಿಸಿದ ಮೇಲೇ ಯಾಕೆ

ಕೆಳಗೆ ಹೋಗಿ ನೋಡಿದೆ. ಡಕ್ಟ್‌ನಿಂದ ಇಳಿದ ಜಿಐ ಪೈಪ್ ಮೊದಲು ಪಾರ್ಕಿಂಗ್ ನೆಲದೊಳಗೆ ಹೋಗಿ, ಮಣ್ಣಿನಡಿ ಹಾದು, ವಾಚ್‌ಮನ್ ಕೋಣೆಯ ನಲ್ಲಿಗೂ ಗಿಡದ ನಲ್ಲಿಗೂ ಸೇರುತ್ತಿತ್ತು. ಈಗ ಕೊನೆಯ ಹತ್ತು ಅಡಿ ಸಿಪಿವಿಸಿ, ಅಂದರೆ ಪ್ಲಾಸ್ಟಿಕ್. ಟೆರೇಸ್ ಮೇಲೆ ಟ್ಯಾಂಕ್‌ನಿಂದ ಹೊರಡುವ ಪೈಪ್ ಇನ್ನೂ ಮುಂಚೆಯೇ ಪ್ಲಾಸ್ಟಿಕ್ ಆಗಿತ್ತು.

ಅಂದರೆ ನಾಲ್ಕು ಮಹಡಿಯ ಕಬ್ಬಿಣದ ಪೈಪ್ ಮೇಲೂ ಕೆಳಗೂ ಪ್ಲಾಸ್ಟಿಕ್ ಸಿಕ್ಕಿಕೊಂಡು, ಹಗ್ಗಕ್ಕೆ ಹಾಕಿದ ಒದ್ದೆ ಬಟ್ಟೆಯ ಹಾಗೆ ನಡುವೆ ತೂಗುತ್ತಿದೆ. ಮುಂಚೆ ಯಾರ ಮನೆಯ ಲೀಕೇಜ್ ಆದರೂ ಪೈಪ್ ಹಿಡಿದು ಸದ್ದಿಲ್ಲದೆ ಮಣ್ಣಿಗೆ ಇಳಿದು ಹೋಗುತ್ತಿತ್ತು. ಆ ಪೈಪನ್ನು ಯಾರೂ ಅರ್ಥ್ ಅಂತ ಹಾಕಿರಲಿಲ್ಲ, ಆದರೆ ವರ್ಷಗಟ್ಟಲೆ ಅರ್ಥ್ ಕೆಲಸ ಮಾಡಿತ್ತು. ಈಗ ಉಳಿದಿರೋದು ತೇವ ಗೋಡೆಗೆ ಹೊಡೆದ ಕ್ಲ್ಯಾಂಪ್‌ಗಳು ಮಾತ್ರ. ಪೈಪಿನೊಳಗೆ ನೀರಿದೆಯಲ್ಲ ಅನ್ನಬಹುದು. ಒಂದಿಂಚಿನ ಪ್ಲಾಸ್ಟಿಕ್ ಪೈಪಿನಲ್ಲಿ ಹತ್ತು ಅಡಿ ನಲ್ಲಿನೀರಿನ ರೆಸಿಸ್ಟೆನ್ಸ್ ಲಕ್ಷ ಓಮ್ ಆಸುಪಾಸು ಅಥವಾ ಅದಕ್ಕೂ ಜಾಸ್ತಿ ಬರುತ್ತದೆ, ಲೀಕೇಜ್ ಇಳಿಸೋಕೆ ಅದು ಸಾಲದು.

ಹಾಗಾಗಿ ನಮ್ಮ ಪ್ರಶ್ನೆ ಬದಲಾಯಿತು. ದೀಪಾವಳಿ ಆಸುಪಾಸಿನಲ್ಲಿ ಯಾರ ಮನೆಯಲ್ಲಿ ಏನು ಕೆಟ್ಟಿತು ಅಂತ ಕೇಳುತ್ತಾ ಹೋದರೆ ಉತ್ತರ ಸಿಗಲ್ಲ. ಕೆಟ್ಟಿರೋದು ಯಾವಾಗಲೋ, ಕಂಡಿರೋದು ಈಗ.

6. ಹೊತ್ತು ಬರೆದಿಟ್ಟದ್ದು

ಮನೆಮನೆಗೆ ಹೋಗಿ ಸ್ವಿಚ್ ಆಫ್ ಮಾಡಿ ಅನ್ನುವ ಮುಂಚೆ, ಯಾವಾಗ ಬರುತ್ತದೆ ಅಂತ ನೋಡೋಣ ಅಂತ ಮೀಟರ್ ಕ್ಲಿಪ್ ಹಾಕಿ ಬಾತ್‌ರೂಮ್ ಹೊರಗೆ ಇಟ್ಟೆ. ಒಂಬತ್ತನೇ ಕ್ಲಾಸಿನ ಮಗಳು ಓದೋಕೆ ಬೇಗ ಏಳುತ್ತಾಳೆ, ಅವಳೇ ಬರೆದಿಟ್ಟಳು. ಒಂದು ದಿನದ್ದು ಇಲ್ಲಿದೆ:

5:30 – 2 ವೋಲ್ಟ್
6:10 – 31
6:30 – 46
6:33 – 2
6:50 – 39
7:05 – 2, ಆಮೇಲೆ ಏನೂ ಇಲ್ಲ

ಮೊದಲು ಸೆಕ್ರೆಟರಿಯವರಿಗೆ ನೀರಿನ ಪಂಪ್ ಮೇಲೆ ಅನುಮಾನ ಇತ್ತು. ವಾಚ್‌ಮನ್‌ನಿಂದ ಪಂಪ್ ಆನ್ ಆಫ್ ಮಾಡಿಸಿದೆವು, ಮೀಟರ್ ಅಲುಗಲಿಲ್ಲ. ಮಗಳ ಪಟ್ಟಿ ನೋಡಿದರೆ ಪಂಪ್ ಅಲ್ಲ ಅಂತ ಹಾಗೆಯೇ ಹೇಳಬಹುದಿತ್ತು, ಯಾಕಂದರೆ ಭಾನುವಾರ ಇದೇ ಆಟ ಎಂಟೂವರೆಗೆ ಶುರುವಾಗಿತ್ತು. ಪಂಪ್‌ಗೆ ಭಾನುವಾರ ಗೊತ್ತಿಲ್ಲ.

ಇನ್ನೂ ಒಂದು ಸುಳಿವು ಆ ಪಟ್ಟಿಯಲ್ಲೇ ಇತ್ತು. ಒಮ್ಮೆ ಬಂದರೆ ಇಪ್ಪತ್ತು ಇಪ್ಪತ್ಮೂರು ನಿಮಿಷ ನಿಂತು, ನಿಧಾನಕ್ಕೆ ಏರಿ, ಆಮೇಲೆ ಒಮ್ಮೆಲೇ ಬೀಳುತ್ತದೆ. 15 ಲೀಟರ್, 2 ಕಿಲೋವ್ಯಾಟ್ ಗೀಸರ್ ಪುಣೆಯ ಚಳಿಗಾಲದ ನೀರನ್ನು 20 ಡಿಗ್ರಿಯಿಂದ 60ಕ್ಕೆ ಒಯ್ಯೋಕೆ ತಗೊಳ್ಳುವ ಹೊತ್ತು 21 ನಿಮಿಷ. ಆಮೇಲೆ ಥರ್ಮೋಸ್ಟಾಟ್ ಫೇಸ್ ಕಟ್ ಮಾಡುತ್ತದೆ. ನಿಧಾನಕ್ಕೆ ಏರುತ್ತಿದ್ದದ್ದು ಕಾಯಿಲ್ ಬಿಸಿಯಾದ ಹಾಗೆ ಲೀಕೇಜ್ ಜಾಸ್ತಿ ಆಗುತ್ತಿದ್ದುದರಿಂದ. ಇನ್‌ಸ್ಟಂಟ್ ಗೀಸರ್ ಆಗಿದ್ದರೆ ಮೂರ್ನಾಲ್ಕು ನಿಮಿಷಕ್ಕೆ ಬಂದು ಹೋಗುತ್ತಿತ್ತು, ಫ್ರಿಜ್ ಆಗಿದ್ದರೆ ರಾತ್ರಿ ಇಡೀ ಬಂದು ಹೋಗುತ್ತಿತ್ತು.

ನಮ್ಮ ಡಕ್ಟ್‌ನ ನಾಲ್ಕು ಮನೆಗಳಲ್ಲಿ ಸ್ಟೋರೇಜ್ ಗೀಸರ್ ಇರೋದು ನಮ್ಮದರಲ್ಲಿ ಮತ್ತು ಸರಿಯಾಗಿ ನಮ್ಮ ಮೇಲಿನ ಮನೆಯಲ್ಲಿ. ಉಳಿದ ಎರಡರಲ್ಲಿ ಗ್ಯಾಸ್ ಗೀಸರ್.

7. ಮೇಲಿನ ಮನೆ

ಅಲ್ಲಿ ಕಾಲೇಜು ಹುಡುಗರು ಬಾಡಿಗೆಗಿದ್ದಾರೆ, ಒಳ್ಳೆಯ ಹುಡುಗರು. ಹೇಳಿದ ಕೂಡಲೇ ಅವರ ಉತ್ತರ: “ಕಾಕಾ, ಆಮ್ಹಾಲಾ ಕಧೀಚ್ ಶಾಕ್ ಬಸಲಾ ನಾಹೀ.” ಅವರಿಗೆ ಒಮ್ಮೆಯೂ ಶಾಕ್ ಹೊಡೆದಿಲ್ಲವಂತೆ. ಸುಳ್ಳಲ್ಲ. ಊರಿನಲ್ಲಿ ಅಮ್ಮ ಹೇಳಿಕೊಟ್ಟ ಹಾಗೆ ಅವರು ನೀರು ಕಾದ ಮೇಲೆ ಗೀಸರ್ ಸ್ವಿಚ್ ಆಫ್ ಮಾಡಿಯೇ ಸ್ನಾನಕ್ಕೆ ಇಳಿಯುತ್ತಾರೆ. ಅವರ ನೀರು ಕಾಯುವ ಹೊತ್ತಿಗೆ ನಾವು ಕೆಳಗೆ ಸ್ನಾನ ಮಾಡುತ್ತಿದ್ದೆವು, ಅವರು ಸ್ನಾನ ಮಾಡುವ ಹೊತ್ತಿಗೆ ಪೈಪ್‌ನಲ್ಲಿ ಕರೆಂಟ್ ಇರುತ್ತಿರಲಿಲ್ಲ. ಕೆಟ್ಟ ಗೀಸರ್ ಇರುವ ಮನೆಯವರಿಗೇ ಗೊತ್ತಾಗದಿರೋದು ಹೀಗೆ.

ಮಗಳು ಕೆಳಗೆ ಮೀಟರ್ ಮುಂದೆ, ನಾನು ಮೇಲೆ ಸ್ವಿಚ್ ಮುಂದೆ, ಫೋನ್‌ನಲ್ಲಿ ಮಾತು. ಗೀಸರ್ ಆನ್, “ಅಪ್ಪಾ, ಮೂವತ್ತಾಯ್ತು.” ಆಫ್, “ಎರಡು.” ಮತ್ತೆ ಆನ್, ಮತ್ತೆ ಮೂವತ್ತು. ಮುಗೀತು.

ಮೇಲಿನ ಮನೆಯ ಓನರ್ ಬೇರೆ ಊರಿನಲ್ಲಿದ್ದಾರೆ. ಮೀಟರ್‌ನ ಎರಡು ಫೋಟೋ ಕಳಿಸಿದ ಮೇಲೆ “ಮಾಡಿಸಿ, ಬಿಲ್ ಕಳಿಸಿ” ಅಂದರು.

8. ಗೀಸರ್ ಬಿಚ್ಚಿದ್ದು

ಇಲ್ಲಿಂದ ಎಲೆಕ್ಟ್ರಿಷಿಯನ್ ಕೆಲಸ. ನಮಗೆ ಸಿಕ್ಕವರು ಇಂಡಿ ಕಡೆಯವರು, ಪುಣೆಯಲ್ಲಿ ಬಹಳ ವರ್ಷದಿಂದ ಇದ್ದಾರೆ. ಹೆಚ್ಚು ವೋಲ್ಟೇಜ್ ಕೊಟ್ಟು ಇನ್ಸುಲೇಷನ್ ಅಳೆಯುವ ಮೆಗ್ಗರ್ ಇದೆ ಅಂದರು, ಅದಕ್ಕೇ ಕರೆದದ್ದು.

ಪ್ಲಗ್ ಕಿತ್ತು ಮೊದಲು ನನ್ನ ಮಲ್ಟಿಮೀಟರ್‌ನಿಂದ ಕಾಯಿಲ್‌ನ ಎರಡು ಕೊನೆ ಅಳೆದೆವು, 27 ಓಮ್. 2 ಕಿಲೋವ್ಯಾಟ್‌ಗೆ ಸರಿಯಾದದ್ದೇ. ಕಾಯಿಲ್‌ನಿಂದ ಬಾಡಿಗೆ ಅಳೆದರೆ 2 ಮೆಗಾ ಓಮ್ ಮೇಲೆ ತೋರಿಸಿತು. ಇಷ್ಟಕ್ಕೇ ನಿಲ್ಲಿಸಿದ್ದರೆ ಗೀಸರ್ ಚೆನ್ನಾಗಿದೆ ಅಂತ ಹೇಳಿ ಹೊರಡಬಹುದಿತ್ತು. ಮಲ್ಟಿಮೀಟರ್ ಓಮ್ ಅಳೆಯೋದು ಒಂದೆರಡು ವೋಲ್ಟ್‌ನಿಂದ. ತೇವ ಹಿಡಿದ ಇನ್ಸುಲೇಷನ್ ಅಷ್ಟಕ್ಕೆ ಸೋಲುವುದಿಲ್ಲ. ಅವರು ಇಂಡಿಕೇಟರ್ ದೀಪದ ವೈರ್ ಬಿಡಿಸಿ, ಫೇಸ್ ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಸೇರಿಸಿ, ಥರ್ಮೋಸ್ಟಾಟ್ ಮುಚ್ಚಿಕೊಂಡಿದೆ ಅಂತ ಖಚಿತ ಮಾಡಿಕೊಂಡು, ಬಾಡಿಗೆ 500 ವೋಲ್ಟ್ ಮೆಗ್ಗರ್ ಹಚ್ಚಿದರು. ಮುಳ್ಳು ಸೊನ್ನೆಯ ಪಕ್ಕ ಕೂತಿತು, 0.02 ಮೆಗಾ ಓಮ್. ಅಂದರೆ ಇಪ್ಪತ್ತು ಕಿಲೋ ಓಮ್. ಒಂದು ಮೆಗಾ ಓಮ್‌ಗಿಂತ ಕೆಳಗಿದ್ದರೇ ಆ ಗೀಸರ್ ಹಚ್ಚಬಾರದು.

ನೀರು ಖಾಲಿ ಮಾಡಿ ಫ್ಲೇಂಜ್ ಬಿಚ್ಚಿದಾಗ ಕಾಯಿಲ್ ಕಾಣಲೇ ಇಲ್ಲ, ಸುಣ್ಣದ ಗಟ್ಟಿ ಉಂಡೆ ಕಂಡಿತು. ಬೇಸಿಗೆಯಲ್ಲಿ ಸೊಸೈಟಿಗೆ ಬೋರ್‌ವೆಲ್ ನೀರು ಬೆರೆಸುತ್ತಾರೆ, ಅದರ ಫಲ. ಸುಣ್ಣ ಕೂತ ಕಡೆ ಕಾಯಿಲ್‌ನ ಶಾಖ ನೀರಿಗೆ ಹೋಗದೆ ಹೊರಗಿನ ಲೋಹದ ಕವಚವೇ ವಿಪರೀತ ಕಾದು, ಬುಡದಲ್ಲಿ ಕೂದಲೆಳೆ ಬಿರುಕು ಬಿಟ್ಟಿತ್ತು. ಒಳಗಿನ ತಂತಿಗೂ ಕವಚಕ್ಕೂ ಮಧ್ಯೆ ತುಂಬಿರುವ ಬಿಳಿ ಪುಡಿ, ಮೆಗ್ನೀಷಿಯಂ ಆಕ್ಸೈಡ್, ಒಣಗಿದ್ದರೆ ಒಳ್ಳೆಯ ಇನ್ಸುಲೇಷನ್, ನೀರು ಕುಡಿದರೆ ಅಲ್ಲ. ಟ್ಯಾಂಕ್ ತುಕ್ಕು ಹಿಡಿಯದಂತೆ ತಾನು ಕರಗುವ ಆನೋಡ್ ರಾಡ್ ಜಾಗದಲ್ಲಿ ಬರೀ ಅದರ ನಡುವಿನ ಕಂಬಿ ಉಳಿದಿತ್ತು.

ಹೊಸ ಕಾಯಿಲ್ 750, ಆನೋಡ್ ರಾಡ್ 250, ಗ್ಯಾಸ್ಕೆಟ್ ಅದರ ಜೊತೆಗೇ ಬಂತು. ಕೂರಿಸಿ, ನೀರು ತುಂಬಿ, ಮತ್ತೆ ಮೆಗ್ಗರ್. ನೂರು ಮೆಗಾ ಓಮ್‌ಗೂ ಮೇಲೆ.

9. ಹಸಿರು ವೈರ್ ಹೋದದ್ದೆಲ್ಲಿಗೆ

ಕಾಯಿಲ್ ಬಿರುಕು ಬಿಡೋದು ಸಾಮಾನ್ಯ. ಅರ್ಥ್ ಸರಿ ಇದ್ದಿದ್ದರೆ ಲೀಕೇಜ್ ಬಾಡಿಯಿಂದ ಹಸಿರು ವೈರ್ ಹಿಡಿದು ಇಳಿದು ಹೋಗುತ್ತಿತ್ತು, ಪೈಪಿಗೆ ಬರುತ್ತಿರಲಿಲ್ಲ. ಹಾಗಾಗಿ ಕಾಯಿಲ್ ಹಾಕಿ ದುಡ್ಡು ಕೊಟ್ಟು ಕಳಿಸಿದರೆ ಅರ್ಧ ಕೆಲಸ.

16 ಆಂಪ್ ಸಾಕೆಟ್‌ನಲ್ಲಿ ಫೇಸ್‌ನಿಂದ ಅರ್ಥ್‌ಗೆ ಬರೀ ಮೀಟರ್‌ನಲ್ಲಿ 140 ಚಿಲ್ಲರೆ, ಒಂದು ಕಡೆ ನಿಲ್ಲದೆ ಅಲೆಯುತ್ತಿತ್ತು. ರೆಸಿಸ್ಟರ್ ಹಾಕಿದ ಕೂಡಲೇ 3. ಅಲ್ಲಿ ಅರ್ಥೇ ಇಲ್ಲ. ಆದರೆ ಸಾಕೆಟ್ ಬಿಚ್ಚಿದರೆ ಹಸಿರು ವೈರ್ ನೀಟಾಗಿ ಸ್ಕ್ರೂಗೆ ಬಿಗಿದಿದೆ! ಎಂಸಿಬಿಗಳಿರುವ ಡಿಬಿ ಬಾಕ್ಸ್ ಬಿಚ್ಚಿದಾಗ ಆ ವೈರ್‌ನ ಇನ್ನೊಂದು ಕೊನೆ ಸಿಕ್ಕಿತು. ಸುರುಳಿ ಸುತ್ತಿ, ಟೇಪ್ ಹಚ್ಚಿ, ಮೂಲೆಗೆ ತುರುಕಿತ್ತು. ಎಲೆಕ್ಟ್ರಿಷಿಯನ್ ನಕ್ಕರು: “ಸರ್, ಇದು ತೋರಸಾಕ ಅಷ್ಟ ಐತ್ರಿ.”

ಡಿಬಿಯಿಂದ ಮೀಟರ್ ರೂಮಿಗೆ ಹೋಗುವ ಅರ್ಥ್ ಚೆನ್ನಾಗಿತ್ತು. ಹಳೇ ಹಸಿರು ವೈರ್ ತೆಳ್ಳಗಿತ್ತು, ಅದನ್ನೇ ಎಳೆದಾರ ಮಾಡಿಕೊಂಡು 2.5 ಸ್ಕ್ವೇರ್ ಎಂಎಂ ಹೊಸದು ಎಳೆದರು. 15 ಮೀಟರ್, 450 ರೂಪಾಯಿ. ಈಗ ಫೇಸ್‌ನಿಂದ ಅರ್ಥ್‌ಗೆ 228, ರೆಸಿಸ್ಟರ್ ಹಾಕಿದರೂ 228.

ಆಮೇಲೆ ಆರ್‌ಸಿಸಿಬಿ, ಅಂದರೆ ಲೀಕೇಜ್ ಕಂಡರೆ ತಾನೇ ಬಿದ್ದು ಕರೆಂಟ್ ಕಟ್ ಮಾಡುವ ಸ್ವಿಚ್. ಮೇಲಿನ ಮನೆಗೆ 40 ಆಂಪ್, 30 ಮಿಲಿಆಂಪ್‌ನದ್ದು, 2,100 ರೂಪಾಯಿ. ಇದರ ಬಗ್ಗೆ ಒಂದು ಮಾತು. ನನ್ನ ಲೆಕ್ಕದ ಪ್ರಕಾರ ಮುಂಚೆ ಗೀಸರ್‌ನಿಂದ ಪೈಪಿಗೆ ಹೋಗುತ್ತಿದ್ದದ್ದು 8 ಮಿಲಿಆಂಪ್ ಆಸುಪಾಸು. ಅರ್ಥ್ ಇಲ್ಲದೆ ಬರೀ ಆರ್‌ಸಿಸಿಬಿ ಇದ್ದಿದ್ದರೆ ಅದು ಬೀಳುತ್ತಲೇ ಇರಲಿಲ್ಲ, ಪೈಪ್ ಹಾಗೇ ಜುಮ್ ಅನ್ನುತ್ತಿತ್ತು. ಆರ್‌ಸಿಸಿಬಿ ಹಾಕಿದ್ದೇವೆ, ಅರ್ಥ್ ಯಾಕೆ ಅನ್ನುವವರು ಇದನ್ನು ನೋಡಬೇಕು.

ಇದನ್ನು ಕೂರಿಸೋಕೆ ಗೀಸರ್‌ಗಿಂತ ಜಾಸ್ತಿ ಹೊತ್ತು ಹಿಡಿಯಿತು. ಬಾಲ್ಕನಿ ದೀಪ ಹಾಕಿದ ಕೂಡಲೇ ಆರ್‌ಸಿಸಿಬಿ ಬೀಳುತ್ತದೆ. ಲೀಕೇಜ್ ಹುಡುಕಿದರೆ ಎಲ್ಲೂ ಇಲ್ಲ, ಮೆಗ್ಗರ್ ಕೂಡ ಸರಿ ಅನ್ನುತ್ತಿದೆ. ಹೋಲ್ಡರ್ ಬದಲಿಸಿದೆವು, ಬಲ್ಬ್ ಬದಲಿಸಿದೆವು, ಆದರೂ ಬೀಳುತ್ತದೆ. ಕೊನೆಗೆ ನೋಡಿದರೆ ಆ ದೀಪದ ಫೇಸ್ ಮನೆಯದು, ನ್ಯೂಟ್ರಲ್ ಮೆಟ್ಟಿಲ ದೀಪದ್ದು! ಯಾರೋ ಹತ್ತಿರ ಸಿಕ್ಕ ನ್ಯೂಟ್ರಲ್‌ಗೆ ಕಟ್ಟಿಬಿಟ್ಟಿದ್ದರು. ಆರ್‌ಸಿಸಿಬಿ ಒಳಗಿಂದ ಹೋದ ಕರೆಂಟ್ ಅದರೊಳಗೇ ವಾಪಸ್ ಬರಬೇಕು, ಬೇರೆ ದಾರಿಯಲ್ಲಿ ಬಂದರೆ ಅದಕ್ಕೆ ಅದೂ ಲೀಕೇಜೇ. ಹಳೇ ಬಿಲ್ಡಿಂಗ್‌ನಲ್ಲಿ ಆರ್‌ಸಿಸಿಬಿ ನಿಲ್ಲಲ್ಲ, ತೆಗೆದುಬಿಡಿ ಅಂತ ಹೇಳುವುದಕ್ಕೆ ಬಹಳ ಸಲ ಇದೇ ಕಾರಣ. ನ್ಯೂಟ್ರಲ್ ಸರಿ ಮಾಡಿದ ಮೇಲೆ ನಿಂತಿದೆ.

ಕೂಲಿ 1,500. ಮೇಲಿನ ಮನೆಯ ಬಿಲ್ ಒಟ್ಟು 5,050. ನಮ್ಮ ಮನೆಗೂ ಒಂದು ಆರ್‌ಸಿಸಿಬಿ ಅದೇ ದಿನ ಹಾಕಿಸಿದೆವು.

10. ಕ್ಲ್ಯಾಂಪ್ ಮೀಟರ್, ಮತ್ತು ಈಗ ಎಲ್ಲಿಗೆ ಬಂದಿದ್ದೇವೆ

ಮರುದಿನ ಬೆಳಗ್ಗೆ ಮೇಲೆ ಗೀಸರ್ ಆನ್ ಇರುವಾಗ ನಮ್ಮ ನಲ್ಲಿ 1.5 ವೋಲ್ಟ್, ರೆಸಿಸ್ಟರ್ ಹಾಕಿದರೆ ಸೊನ್ನೆ ಅನ್ನಬಹುದು. ಬಾತ್‌ರೂಮ್ ಬಳಸೋಕೆ ಶುರು ಮಾಡಿದೆವು.

ಪೈಪಿಗೂ ಅರ್ಥ್ ಕೊಡಿಸಿದೆವು, ಆದರೆ ಈಗ, ಮೂಲ ಸರಿ ಮಾಡಿದ ಮೇಲೆ. ನಮ್ಮ ಮನೆಯ ಅರ್ಥ್‌ಗಲ್ಲ, ಕೆಳಗೆ ಪಾರ್ಕಿಂಗ್‌ನಲ್ಲಿ ಜಿಐ ಪೈಪ್ ಮುಗಿದು ಸಿಪಿವಿಸಿ ಶುರುವಾಗುವ ಜಾಗದಲ್ಲಿ ಪೇಂಟ್ ಕೆರೆದು, ಕ್ಲ್ಯಾಂಪ್ ಹಾಕಿ, 6 ಸ್ಕ್ವೇರ್ ಎಂಎಂ ತಾಮ್ರದ ವೈರ್‌ನಿಂದ ಸೀದಾ ಮೀಟರ್ ರೂಮಿನ ಅರ್ಥ್ ಪಟ್ಟಿಗೆ. ಇದು ಸೊಸೈಟಿ ಖರ್ಚು. ಮೊದಲೇ ಇದನ್ನು ಮಾಡಿದ್ದರೆ ಶಾಕ್ ನಿಲ್ಲುತ್ತಿತ್ತು, ಆದರೆ ಗೀಸರ್ ಹಾಗೇ ಉಳಿದು, ಮುಂದಿನ ಪ್ಲಂಬರ್ ಎಲ್ಲಾದರೂ ನಡುವೆ ಪ್ಲಾಸ್ಟಿಕ್ ತುಂಡು ಹಾಕಿದ ದಿನ ಮತ್ತೆ ಶುರುವಾಗುತ್ತಿತ್ತು.

ಎಲೆಕ್ಟ್ರಿಷಿಯನ್ ತಮ್ಮ ಸ್ನೇಹಿತರಿಂದ ಲೀಕೇಜ್ ಕ್ಲ್ಯಾಂಪ್ ಮೀಟರ್ ತಂದರು. ಮಾಮೂಲಿ ಕ್ಲ್ಯಾಂಪ್ ಮೀಟರ್ ಅಲ್ಲ, ಮಿಲಿಆಂಪ್ ಓದುವಂಥದ್ದು. ಫೇಸ್ ಒಂದನ್ನೇ ಹಿಡಿದರೆ ಲೋಡ್ ತೋರಿಸುತ್ತದೆ, ಫೇಸ್ ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಅದರ ಬಾಯಿಗೆ ಹಾಕಿದರೆ ಹೋದದ್ದಕ್ಕೂ ಬಂದದ್ದಕ್ಕೂ ಇರುವ ವ್ಯತ್ಯಾಸ ಮಾತ್ರ ತೋರಿಸುತ್ತದೆ. ಮೀಟರ್ ರೂಮಿನಲ್ಲಿ ನಿಂತು, ಯಾರ ಮನೆಯ ಬಾಗಿಲನ್ನೂ ತಟ್ಟದೆ, ಬೆಳಗ್ಗೆ ಎಲ್ಲರ ಗೀಸರ್ ಓಡುವ ಹೊತ್ತಿನಲ್ಲಿ ಒಂದೊಂದೇ ಮನೆಯ ಜೋಡಿ ವೈರ್ ಹಿಡಿದರೆ ಸಾಕು. ಇದು ಮೊದಲೇ ಕೈಯಲ್ಲಿ ಇದ್ದಿದ್ದರೆ ಒಂದೇ ಬೆಳಗ್ಗೆ ಮೇಲಿನ ಮನೆ ಸಿಗುತ್ತಿತ್ತು.

ನಮ್ಮ ವಿಂಗ್‌ನ ಹೆಚ್ಚಿನ ಮನೆಗಳು ಒಂದು, ಒಂದೂವರೆ ಮಿಲಿಆಂಪ್. ಕಂಪ್ಯೂಟರ್, ವಾಷಿಂಗ್ ಮಷಿನ್ ಫಿಲ್ಟರ್‌ಗಳಿಂದ ಅಷ್ಟು ಬರುವುದು ಸಹಜ. ನಾಲ್ಕನೇ ಮಹಡಿಯ ಒಂದು ಮನೆ ಅರ್ಧ ಆಂಪ್ ಮೇಲೆ ತೋರಿಸಿ ಸೆಕ್ರೆಟರಿಯವರನ್ನು ಗಾಬರಿ ಮಾಡಿತು. ಅದು ಲೀಕೇಜ್ ಇರಲಾರದು, ಅಷ್ಟು ದೊಡ್ಡದು ಮತ್ತು ಫ್ಯಾನ್ ಆಫ್ ಮಾಡಿದರೆ ಇಳಿಯುವಂಥದ್ದು ಅಂದರೆ ಅಲ್ಲೂ ನ್ಯೂಟ್ರಲ್ ಬೇರೆಯವರದ್ದಕ್ಕೆ ಸೇರಿಕೊಂಡಿದೆ. ಇನ್ನೊಂದು ಡಕ್ಟ್‌ನ ಒಂದನೇ ಮಹಡಿಯ ಮನೆ 19 ಮಿಲಿಆಂಪ್. ಅಲ್ಲಿ ಅರ್ಥ್ ಸರಿ ಇರಬೇಕು, ಅದಕ್ಕೇ ಯಾರಿಗೂ ಶಾಕ್ ಗೊತ್ತಾಗಿಲ್ಲ. ಅವರಿಗೆ ಹೇಳಿದ್ದೇವೆ, ಅಲ್ಲಿಯ ತನಕ ಗೀಸರ್ ಹಚ್ಚಬೇಡಿ ಅಂತಲೂ. ಭಾನುವಾರ ಮೆಗ್ಗರ್ ತಗೊಂಡು ಆ ಎರಡು ಮನೆಗೆ ಹೋಗೋದಿದೆ.